‘ಅರ್ಥವಾಗಲಿಲ್ಲ’ ಎನ್ನುವ ಮೊದಲು: ಚಾಟ್ ಲಾಗ್‌ನಲ್ಲಿ ಓದಲಾಗದ ಸಂದೇಶಗಳ ವಿಂಗಡಣೆ

ಗ್ರಾಹಕರು ಕಳುಹಿಸಿದ ಸಂದೇಶ ತನಗೆ ಕಲಿಸಿದ ಯಾವ ಪ್ರಶ್ನೆಗೂ ಹೊಂದದಿದ್ದಾಗ ಚಾಟ್‌ಬಾಟ್ ಒಂದು ಸಿದ್ಧ ಉತ್ತರ ಕೊಡುತ್ತದೆ. ಅದಕ್ಕೆ ಫಾಲ್‌ಬ್ಯಾಕ್ ಉತ್ತರ ಎಂದು ಹೆಸರು. ‘ಕ್ಷಮಿಸಿ, ನಿಮ್ಮ ಪ್ರಶ್ನೆ ಅರ್ಥವಾಗಲಿಲ್ಲ, ದಯವಿಟ್ಟು ಮತ್ತೊಮ್ಮೆ ಟೈಪ್ ಮಾಡಿ’ ಎಂಬ ಸಾಲು ಇದರ ಸಾಮಾನ್ಯ ರೂಪ. ಹಲವು ತಂತ್ರಾಂಶಗಳಲ್ಲಿ ಇದಕ್ಕೆ ಒಂದು ಮಿತಿ ಇರುತ್ತದೆ. ಸಂದೇಶ ಇಂಥ ಪ್ರಶ್ನೆಯೇ ಇರಬೇಕು ಎಂಬ ನಂಬಿಕೆಯನ್ನು ಯಂತ್ರ ಸೊನ್ನೆಯಿಂದ ಒಂದರವರೆಗಿನ ಅಂಕದಲ್ಲಿ ಹೇಳುತ್ತದೆ. ಆ ಅಂಕ ಮಿತಿಗಿಂತ ಕೆಳಗಿದ್ದರೆ ಫಾಲ್‌ಬ್ಯಾಕ್ ಹೊರಬರುತ್ತದೆ. ರಾಸಾ ಎಂಬ ಮುಕ್ತ ತಂತ್ರಾಂಶದಲ್ಲಿ ಬೇರೆ ಏನನ್ನೂ ಹೊಂದಿಸದಿದ್ದರೆ ಈ ಮಿತಿ 0.3. ಅಂಥ ಸಂದೇಶಕ್ಕೆ ಅಲ್ಲಿ `nlu_fallback` ಎಂಬ ಗುರುತು ಬೀಳುತ್ತದೆ.

ಈ ಗುರುತು ಬಿದ್ದ ಸಂದೇಶಗಳೆಲ್ಲ ಲಾಗ್‌ನಲ್ಲಿ ಉಳಿಯುತ್ತವೆ. ಅವುಗಳಲ್ಲಿ ಕೆಲವು ಸ್ಪಷ್ಟವಾದ ಪ್ರಶ್ನೆಗಳೇ ಆಗಿದ್ದು, ಅವುಗಳಿಗೆ ಉತ್ತರವನ್ನು ಬಾಟ್‌ಗೆ ಇನ್ನೂ ಕಲಿಸಿರುವುದಿಲ್ಲ. ಉಳಿದವು ನೋಡಿದ ಕೂಡಲೇ ಕಸದಂತೆ ಕಾಣುತ್ತವೆ. ಪ್ರಶ್ನಾರ್ಥಕ ಚಿಹ್ನೆಗಳ ಸಾಲು, ವಿಚಿತ್ರ ಲ್ಯಾಟಿನ್ ಅಕ್ಷರಗಳು, ಒಂದೇ ಚುಕ್ಕಿ, ಖಾಲಿ ಸಾಲು, ಅರ್ಥವಿಲ್ಲದ ಕನ್ನಡ ಅಕ್ಷರಗಳು ಹೀಗೆ. ಇವನ್ನು ‘ಓದಲಾಗದ್ದು’ ಎಂದು ಒಂದೇ ಬುಟ್ಟಿಗೆ ಹಾಕಿ ಎಲ್ಲಕ್ಕೂ ಒಂದೇ ಉತ್ತರ ಕೊಟ್ಟರೆ ಆ ಉತ್ತರ ಬಹುಪಾಲು ಸಂದೇಶಗಳಿಗೆ ತಪ್ಪಾಗಿರುತ್ತದೆ. ಹೀಗಾಗಿ ಚಾಟ್ ಸೇವೆಯ ತಂಡ ಮಾಡುವ ಮೊದಲ ಕೆಲಸ ವಿಂಗಡಣೆ. ಸಂದೇಶ ನೋಡಲು ಹೇಗಿದೆ ಎಂಬುದು ಈ ವಿಂಗಡಣೆಗೆ ಆಧಾರವಲ್ಲ. ಅದು ಎಲ್ಲಿ ಕೆಟ್ಟಿತು, ಅದಕ್ಕೆ ಪರಿಹಾರ ಯಾರ ಕೈಯಲ್ಲಿದೆ ಎಂಬುದು ಆಧಾರ.

ಮುಂದಿನ ವಿವರಣೆಗೆ ಕರ್ನಾಟಕದ ಒಂದು ವಿದ್ಯುತ್ ಸರಬರಾಜು ಕಂಪನಿಯ ಕನ್ನಡ ಚಾಟ್ ಸೇವೆಯನ್ನು ಮಾದರಿಯಾಗಿ ಇಟ್ಟುಕೊಳ್ಳಲಾಗಿದೆ. ಇಲ್ಲಿ ಬರುವ ಸಂದೇಶಗಳ ಸಂಖ್ಯೆ ಲೆಕ್ಕವನ್ನು ತೋರಿಸಲೆಂದು ಹಾಕಿಕೊಂಡದ್ದು. ಸಂದೇಶಗಳು ಕೆಡುವ ಬಗೆಗಳು ಮಾತ್ರ ಕನ್ನಡದ ಯಾವ ಚಾಟ್ ಸೇವೆಯಲ್ಲೂ ಎದುರಾಗುವಂಥವು.

ಲಾಗ್‌ನಿಂದ ಏನನ್ನು ತೆಗೆಯಬೇಕು

ಸಂದೇಶದ ಪಠ್ಯವೊಂದನ್ನೇ ಪಟ್ಟಿ ಮಾಡಿಕೊಂಡರೆ ವಿಂಗಡಣೆ ಸಾಧ್ಯವಾಗುವುದಿಲ್ಲ. ಪ್ರತಿ ಸಂದೇಶದ ಜೊತೆ ಇನ್ನೂ ನಾಲ್ಕು ಸಂಗತಿ ಬೇಕು: ಅದಕ್ಕೂ ಮೊದಲು ಬಾಟ್ ಕೇಳಿದ ಪ್ರಶ್ನೆ, ಗ್ರಾಹಕರು ಅದರ ನಂತರ ಬರೆದದ್ದು, ಸಂದೇಶ ಬಂದ ದಾರಿ ಮತ್ತು ಬಂದ ದಿನಾಂಕ. ದಾರಿ ಎಂದರೆ ವೆಬ್‌ಸೈಟ್, ಮೊಬೈಲ್ ಆ್ಯಪ್, ವಾಟ್ಸ್‌ಆ್ಯಪ್ ಅಥವಾ ಎಸ್‌ಎಂಎಸ್. ಆ್ಯಪ್ ಆಗಿದ್ದರೆ ಅದರ ಆವೃತ್ತಿಯೂ ಬೇಕು.

ಆಯ್ಕೆ ಮಾಡುವಾಗ ಸಂದೇಶವನ್ನು ಎಣಿಸುವ ಬದಲು ಸಂಭಾಷಣೆಯನ್ನು ಎಣಿಸುವುದು ಸರಿ. ಕರೆಂಟ್ ಹೋಗಿ ಬೇಸತ್ತ ಒಬ್ಬರೇ ಇಪ್ಪತ್ತು ಸಲ ಚುಕ್ಕಿ ಒತ್ತಿದರೆ ಲಾಗ್‌ನಲ್ಲಿ ಇಪ್ಪತ್ತು ಫಾಲ್‌ಬ್ಯಾಕ್ ಬೀಳುತ್ತವೆ. ಸಂದೇಶವಾರು ಲೆಕ್ಕ ಹಾಕಿದರೆ ಆ ಒಬ್ಬರ ತೊಂದರೆ ಇಪ್ಪತ್ತು ಜನರದ್ದಾಗಿ ತೋರುತ್ತದೆ. ಆದ್ದರಿಂದ ಒಂದು ಸಂಭಾಷಣೆಯಿಂದ ಮೊದಲ ಫಾಲ್‌ಬ್ಯಾಕ್ ಸಂದೇಶವನ್ನು ಮಾತ್ರ ತೆಗೆದುಕೊಂಡು, ಅಂಥವುಗಳಲ್ಲಿ ಲಾಟರಿ ಎತ್ತಿದಂತೆ 400ನ್ನು ಆರಿಸುತ್ತಾರೆ. ಹೀಗೆ ಆರಿಸಿದ 400ರಲ್ಲಿ ಕಂಡ ಶೇಕಡಾವಾರು ಪ್ರಮಾಣ ಇಡೀ ಲಾಗ್‌ನಲ್ಲಿ ಇರುವುದಕ್ಕಿಂತ ಸಾಮಾನ್ಯವಾಗಿ ಹೆಚ್ಚೆಂದರೆ ಸುಮಾರು 5 ಅಂಶ ಆಚೀಚೆ ಇರುತ್ತದೆ. ಯಾವ ಕೆಲಸ ಮೊದಲು ಎಂದು ತೀರ್ಮಾನಿಸಲು ಅಷ್ಟು ನಿಖರತೆ ಸಾಕು.

ಓದಲು ಕೂರುವ ಮೊದಲು ಖಾಸಗಿ ವಿವರಗಳನ್ನು ಮರೆಮಾಡಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ ಫೋನ್ ನಂಬರ್, ಹೆಸರು, ವಿಳಾಸ ಎಲ್ಲವೂ ವೈಯಕ್ತಿಕ ದತ್ತಾಂಶ. ಇಲ್ಲೊಂದು ಎಚ್ಚರ ಬೇಕು. ಅಂಕಿಗಳನ್ನೆಲ್ಲ ಅಳಿಸಿಬಿಟ್ಟರೆ ಸಂದೇಶ ಏನಾಗಿತ್ತು ಎಂಬುದೇ ತಿಳಿಯದೆ ಹೋಗುತ್ತದೆ. ಹತ್ತು ಅಂಕಿಯ ನಂಬರ್ ಇದ್ದ ಜಾಗದಲ್ಲಿ ‘[ಫೋನ್]’ ಎಂದೂ ಹನ್ನೆರಡು ಅಂಕಿಯ ಜಾಗದಲ್ಲಿ ‘[ಆಧಾರ್]’ ಎಂದೂ ಬರೆದರೆ ಖಾಸಗಿತನ ಉಳಿಯುತ್ತದೆ, ಸಂದೇಶದ ಬಗೆಯೂ ತಿಳಿಯುತ್ತದೆ.

ಒಂದೇ ವಾಕ್ಯ, ಮೂರು ಬಗೆಯ ಕೇಡು

ಲಾಗ್‌ನಲ್ಲಿ ಅತಿ ಹೆಚ್ಚು ಗೊಂದಲ ಹುಟ್ಟಿಸುವುದು ಅಕ್ಷರಗಳೇ ಬದಲಾಗಿಹೋದ ಸಂದೇಶಗಳು. ಇವು ಮೂರು ಬಗೆಯವು. ನೋಟಕ್ಕೆ ಎಲ್ಲವೂ ಕಸವೇ ಆದರೂ ಕಾರಣ ಬೇರೆ, ಪರಿಹಾರವೂ ಬೇರೆ.

ಮೊದಲನೆಯದರಲ್ಲಿ ‘ಮನೆ’ ಎಂಬ ಪದ `ಮನೆ` ಎಂದು ಕಾಣುತ್ತದೆ. ಯುಟಿಎಫ್-8 ಎಂಬ ಸಂಕೇತ ಪದ್ಧತಿಯಲ್ಲಿ ಕನ್ನಡದ ಪ್ರತಿಯೊಂದು ಚಿಹ್ನೆಗೂ ಮೂರು ಬೈಟ್ ಬೇಕು. ದಾರಿಯಲ್ಲಿ ಯಾವುದೋ ತಂತ್ರಾಂಶ ಅದನ್ನು ಯುರೋಪಿನ ಭಾಷೆಗಳಿಗಾಗಿ ಮಾಡಿದ ವಿಂಡೋಸ್-1252 ಎಂಬ ಹಳೆಯ ಪದ್ಧತಿಯಂತೆ ಓದಿದರೆ ಒಂದೊಂದು ಬೈಟ್ ಒಂದೊಂದು ಲ್ಯಾಟಿನ್ ಚಿಹ್ನೆಯಾಗಿಬಿಡುತ್ತದೆ. ಕನ್ನಡದ ಎಲ್ಲ ಚಿಹ್ನೆಗಳ ಮೊದಲ ಬೈಟ್ ಒಂದೇ, ಎರಡನೆಯದು ಎರಡೇ ಬಗೆ. ಆದ್ದರಿಂದ `à²` ಅಥವಾ `à³` ಎಂಬ ಜೋಡಿ ಸಂದೇಶದ ಉದ್ದಕ್ಕೂ ಮರುಕಳಿಸುತ್ತದೆ. ಅದೇ ಇದರ ಗುರುತು. ಇಂಥ ಪಠ್ಯವನ್ನು ಒಂದು ಸಾಲಿನ ಪೈಥಾನ್ ಆದೇಶ ಮರಳಿ ಕನ್ನಡವಾಗಿಸುತ್ತದೆ:

```python
"ಮನೆ".encode("cp1252").decode("utf-8")  # ಮನೆ
```

ಆದರೆ ಇದು ಎಲ್ಲ ಪದಗಳಿಗೂ ನಡೆಯುವುದಿಲ್ಲ. ಅರ್ಧಾಕ್ಷರ ಮತ್ತು ಒತ್ತಕ್ಷರಗಳಲ್ಲಿ ಬರುವ ‘್’ ಚಿಹ್ನೆಯ ಮೂರನೆಯ ಬೈಟ್‌ಗೆ ವಿಂಡೋಸ್-1252ರಲ್ಲಿ ಯಾವ ಅಕ್ಷರವೂ ನಿಗದಿಯಾಗಿಲ್ಲ. ಕೆಲವು ತಂತ್ರಾಂಶಗಳು ಅದನ್ನು ಹಾಗೆಯೇ ಉಳಿಸಿಕೊಳ್ಳುತ್ತವೆ, ಕೆಲವು ಕೈಬಿಡುತ್ತವೆ. ಕೈಬಿಟ್ಟಲ್ಲಿ ‘ಮನೆ’ ಮರಳಿ ಬರುತ್ತದೆ, ‘ಬಿಲ್’ ಬರುವುದಿಲ್ಲ. ಒತ್ತಕ್ಷರವಿಲ್ಲದ ಕನ್ನಡ ವಾಕ್ಯ ಸಿಗುವುದೇ ಅಪರೂಪವಾದ್ದರಿಂದ ಈ ದುರಸ್ತಿಯನ್ನು ನಂಬಿಕೊಂಡಿರುವುದಕ್ಕಿಂತ ದಾರಿಯನ್ನೇ ಸರಿಪಡಿಸುವುದು ಲೇಸು.

ಎರಡನೆಯ ಬಗೆಯಲ್ಲಿ ‘ಕನ್ನಡ’ ಎಂಬುದು `PÀ£ÀßqÀ` ಎಂದು ಕಾಣುತ್ತದೆ. ಕರ್ನಾಟಕದ ಸರ್ಕಾರಿ ಕಚೇರಿಗಳಲ್ಲಿ, ಡಿಟಿಪಿ ಅಂಗಡಿಗಳಲ್ಲಿ ಕೆಲಸ ಮಾಡಿದವರಿಗೆ ಇದು ಹೊಸದಲ್ಲ. ನುಡಿ ತಂತ್ರಾಂಶದ ಹಳೆಯ ಫಾಂಟ್‌ಗಳಲ್ಲಿ ಲ್ಯಾಟಿನ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಇಡಲಾಗಿತ್ತು. ಆ ಫಾಂಟ್ ಇರುವ ಕಂಪ್ಯೂಟರಿನಲ್ಲಿ ಅದು ಶುದ್ಧ ಕನ್ನಡ. ಅದನ್ನೇ ನಕಲು ಮಾಡಿ ಚಾಟ್ ಕಿಟಕಿಯಲ್ಲಿ ಅಂಟಿಸಿದರೆ ಫಾಂಟ್ ಹಿಂದೆ ಉಳಿದು ಲ್ಯಾಟಿನ್ ಅಕ್ಷರಗಳು ಮಾತ್ರ ಬರುತ್ತವೆ. ಇಲ್ಲಿ ದಾರಿ ಕೆಟ್ಟಿಲ್ಲ. ಗ್ರಾಹಕರ ಕಡೆಯಿಂದಲೇ ಪಠ್ಯ ಹೀಗೆ ಹೊರಟಿದೆ. `à²` ಜೋಡಿ ಇಲ್ಲದಿರುವುದು, `À` ಮತ್ತೆ ಮತ್ತೆ ಬರುವುದು ಇದರ ಗುರುತು. ನುಡಿಯಿಂದ ಯುನಿಕೋಡ್‌ಗೆ ಬದಲಿಸುವ ಪಟ್ಟಿಗಳು ಈಗಾಗಲೇ ಬಳಕೆಯಲ್ಲಿರುವುದರಿಂದ ಇಂಥ ಸಂದೇಶವನ್ನು ಬಾಟ್‌ಗೆ ತಲುಪುವ ಮೊದಲೇ ಕನ್ನಡವಾಗಿಸಬಹುದು.

ಮೂರನೆಯದು ಪ್ರಶ್ನಾರ್ಥಕ ಚಿಹ್ನೆಗಳ ಸಾಲು. ಕನ್ನಡಕ್ಕೆ ಜಾಗವೇ ಇಲ್ಲದ ಪದ್ಧತಿಯಲ್ಲಿ ಪಠ್ಯವನ್ನು ಉಳಿಸಲು ಹೋದಾಗ ತಂತ್ರಾಂಶ ಪ್ರತಿ ಚಿಹ್ನೆಯ ಬದಲು ಒಂದು `?` ಹಾಕುತ್ತದೆ. ‘ನನ್ನ ಬಿಲ್ 450 ಜಾಸ್ತಿ ಬಂದಿದೆ’ ಎಂಬ ಸಂದೇಶ ಲಾಗ್‌ನಲ್ಲಿ ಹೀಗಾಗುತ್ತದೆ:

```
???? ???? 450 ?????? ??????
```

ಮೂಲ ಅಕ್ಷರಗಳು ಇಲ್ಲಿ ಅಳಿಸಿಯೇ ಹೋಗಿವೆ. ಯಾವ ದುರಸ್ತಿಯೂ ಅವನ್ನು ಮರಳಿ ತರಲಾರದು. ಇದನ್ನು ಗ್ರಾಹಕರೇ ಬೇಸರದಿಂದ ಒತ್ತಿದ `?????` ಇಂದ ಬೇರೆ ಮಾಡುವುದು ಕಷ್ಟವಲ್ಲ. ಕೆಟ್ಟ ಪಠ್ಯದಲ್ಲಿ ಪದಗಳ ನಡುವಿನ ಜಾಗ, ಅಂಕಿ, ವಿರಾಮಚಿಹ್ನೆ ಹಾಗೆಯೇ ಉಳಿದಿರುತ್ತವೆ. ಚಿಹ್ನೆಗಳ ಎಣಿಕೆಯೂ ಕನ್ನಡಕ್ಕೆ ಹೊಂದುತ್ತದೆ. ‘ನನ್ನ’ ಎಂಬುದು ಕಣ್ಣಿಗೆ ಎರಡು ಅಕ್ಷರ, ಕಂಪ್ಯೂಟರಿಗೆ ನ, ನ, ್, ನ ಎಂದು ನಾಲ್ಕು ಚಿಹ್ನೆ. ಆದ್ದರಿಂದ ಅಲ್ಲಿ ನಾಲ್ಕು `?` ಬೀಳುತ್ತವೆ. ಗ್ರಾಹಕರೇ ಒತ್ತಿದ್ದಾದರೆ ಅದು ಒಂದೇ ಉದ್ದನೆಯ ಸಾಲಾಗಿದ್ದು, ಸಾಮಾನ್ಯವಾಗಿ ಅವರ ಹಿಂದಿನ ಪ್ರಶ್ನೆಗೆ ಉತ್ತರ ಸಿಕ್ಕಿರುವುದಿಲ್ಲ.

ಕೇಡು ದಾರಿಯಲ್ಲೋ, ಲಾಗ್‌ನಲ್ಲೋ

ಲಾಗ್‌ನಲ್ಲಿ ಕಂಡದ್ದೇ ಬಾಟ್‌ಗೂ ಕಂಡಿತ್ತು ಎಂದು ಭಾವಿಸುವುದು ಈ ಕೆಲಸದಲ್ಲಿ ಸುಲಭವಾಗಿ ಆಗುವ ತಪ್ಪು. ಬಾಟ್ ಸಂದೇಶವನ್ನು ಸರಿಯಾಗಿಯೇ ಓದಿ, ಆಮೇಲೆ ಅದನ್ನು ಲಾಗ್‌ಗೆ ಬರೆಯುವಾಗ ಮಾತ್ರ ಅಕ್ಷರ ಕೆಟ್ಟಿರಬಹುದು. ಹಾಗಿದ್ದರೆ ಫಾಲ್‌ಬ್ಯಾಕ್‌ಗೆ ಕಾರಣ ಬೇರೆಯೇ. ಇದನ್ನು ಕಂಡುಹಿಡಿಯಲು ಬಾಟ್ ಸರಿಯಾಗಿ ಉತ್ತರಿಸಿದ ಸಂದೇಶಗಳನ್ನೂ ಒಂದಿಷ್ಟು ತೆರೆದು ನೋಡಬೇಕು. ಅಲ್ಲೂ ಪ್ರಶ್ನಾರ್ಥಕ ಚಿಹ್ನೆಗಳ ಸಾಲೇ ಇದ್ದರೆ ಕೆಟ್ಟಿರುವುದು ಲಾಗ್. ಫಾಲ್‌ಬ್ಯಾಕ್ ಆದ ಸಂದೇಶಗಳಲ್ಲಿ ಮಾತ್ರ ಇದ್ದರೆ ಬಾಟ್‌ಗೂ ಅವೇ ಚಿಹ್ನೆಗಳು ತಲುಪಿವೆ.

ಲಾಗ್ ಕೆಡುವ ಒಂದು ಬಗೆ ವಿಶೇಷವಾಗಿ ಮೋಸಗೊಳಿಸುತ್ತದೆ. ಮೈಎಸ್‌ಕ್ಯೂಎಲ್ ದತ್ತಕೋಶದಲ್ಲಿ `utf8` ಎಂಬ ಹಳೆಯ ಆಯ್ಕೆ ಒಂದು ಚಿಹ್ನೆಗೆ ಮೂರು ಬೈಟ್‌ವರೆಗೆ ಮಾತ್ರ ಜಾಗ ಕೊಡುತ್ತದೆ. ಕನ್ನಡಕ್ಕೆ ಅಷ್ಟು ಸಾಕು, ಎಮೋಜಿಗೆ ನಾಲ್ಕು ಬೈಟ್ ಬೇಕು. ಅದಕ್ಕಾಗಿಯೇ 2010ರಲ್ಲಿ `utf8mb4` ಎಂಬ ಹೊಸ ಆಯ್ಕೆ ಬಂತು. ಹಳೆಯದನ್ನೇ ಉಳಿಸಿಕೊಂಡು, ಕಟ್ಟುನಿಟ್ಟಿನ ತಪಾಸಣೆಯನ್ನೂ ನಿಲ್ಲಿಸಿದ್ದರೆ, ಎಮೋಜಿ ಬಂದ ಜಾಗದಿಂದ ಮುಂದಿನದೆಲ್ಲ ಕತ್ತರಿಸಿಹೋಗುತ್ತದೆ. ‘ನಮಸ್ಕಾರ 🙏 ಬೆಳಿಗ್ಗೆಯಿಂದ ಕರೆಂಟ್ ಇಲ್ಲ’ ಎಂದು ಬರೆದವರ ಸಂದೇಶ ಲಾಗ್‌ನಲ್ಲಿ ‘ನಮಸ್ಕಾರ’ ಎಂದಷ್ಟೇ ಉಳಿಯುತ್ತದೆ. ಓದುವವರಿಗೆ ಬಾಟ್ ಒಂದು ನಮಸ್ಕಾರಕ್ಕೂ ಉತ್ತರ ಕೊಡಲಾರದೆ ಸೋತಂತೆ ಕಾಣುತ್ತದೆ.

ಇಂಥವನ್ನು ಪತ್ತೆ ಮಾಡಲು ತಂಡ ಒಂದು ಪರೀಕ್ಷಾ ವಾಕ್ಯ ಇಟ್ಟುಕೊಳ್ಳುತ್ತದೆ. ಅದರಲ್ಲಿ ಒತ್ತಕ್ಷರ, ಕನ್ನಡ ಅಂಕಿ, ಎಮೋಜಿ, ಅದರ ನಂತರವೂ ಒಂದು ಪದ ಇರಬೇಕು. ‘ಬಿಲ್ ೪೫೦ ಕಟ್ಟಿದ್ದೇನೆ 🙏 ರಸೀದಿ ಬೇಕು’ ಎಂಬ ವಾಕ್ಯ ಸಾಕು. ಇದನ್ನು ವೆಬ್‌ಸೈಟ್, ಆ್ಯಪ್, ವಾಟ್ಸ್‌ಆ್ಯಪ್, ಎಸ್‌ಎಂಎಸ್ ಒಂದೊಂದರಿಂದಲೂ ಕಳುಹಿಸಿ, ಬಾಟ್‌ಗೆ ತಲುಪಿದ್ದು ಏನು, ಲಾಗ್‌ನಲ್ಲಿ ಉಳಿದದ್ದು ಏನು ಎಂದು ಅಕ್ಷರಕ್ಕೆ ಅಕ್ಷರ ಹೋಲಿಸುತ್ತಾರೆ.

ಮನುಷ್ಯರಿಗೆ ತಿಳಿಯುವ, ಯಂತ್ರಕ್ಕೆ ತಿಳಿಯದ ಸಂದೇಶಗಳು

ಅಕ್ಷರ ಕೆಡದೆಯೂ ಓದಲಾಗದ್ದರ ಪಟ್ಟಿಗೆ ಸೇರುವ ದೊಡ್ಡ ಗುಂಪೊಂದಿದೆ. ಅದರಲ್ಲಿ ಮೊದಲನೆಯದು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ಕನ್ನಡ. `nam area dalli current illa` ಎಂಬುದನ್ನು ಕನ್ನಡ ಬಲ್ಲ ಯಾರೂ ತಡವರಿಸದೆ ಓದುತ್ತಾರೆ. ಕನ್ನಡ ಲಿಪಿಯ ವಾಕ್ಯಗಳಲ್ಲೂ ಇಂಗ್ಲಿಷ್‌ನಲ್ಲೂ ಮಾತ್ರ ತರಬೇತಿ ಪಡೆದ ಬಾಟ್‌ಗೆ ಅದು ಎರಡೂ ಅಲ್ಲ. ಈ ಬರಹಕ್ಕೆ ಗೊತ್ತಾದ ಕಾಗುಣಿತವೂ ಇಲ್ಲ. ‘ಯಾಕೆ’ ಎಂಬುದನ್ನು ಒಬ್ಬರು `yaake`, ಇನ್ನೊಬ್ಬರು `yake`, ಮತ್ತೊಬ್ಬರು `yak` ಎಂದು ಬರೆಯುತ್ತಾರೆ.

ಎರಡನೆಯದು ಹಿಂದಿನ ಪ್ರಶ್ನೆಯಿಂದ ಬೇರೆ ಮಾಡಿದರೆ ಅರ್ಥವಾಗದ ತುಂಡು ಉತ್ತರಗಳು. `2`, ‘ಹೂಂ’, `k`, ‘ಅದೇ’ ಇಂಥವು. ಪಟ್ಟಿಯಲ್ಲಿ ಒಂಟಿಯಾಗಿ ನೋಡಿದರೆ ಇವು ಕಸ. ಬಾಟ್ ‘ದೂರು ದಾಖಲಿಸಲೇ?’ ಎಂದು ಕೇಳಿದ್ದಕ್ಕೆ ಬಂದ ‘ಹೂಂ’ ಆದರೆ ಅದು ಪೂರ್ಣ ಉತ್ತರ. ವಿದ್ಯುತ್ ಗ್ರಾಹಕರ ಆರ್.ಆರ್. ನಂಬರ್ ಕೂಡ ಈ ಗುಂಪಿನದೇ. ಇಂಗ್ಲಿಷ್ ಅಕ್ಷರ ಮತ್ತು ಅಂಕಿಗಳು ಬೆರೆತ ಆ ನಂಬರನ್ನು ಅರ್ಥವಿಲ್ಲದ ಪಠ್ಯ ಹುಡುಕುವ ಯಾವ ಸರಳ ಸೋಸುಕವಾದರೂ ಕಸವೆಂದು ಎಸೆಯುತ್ತದೆ. ಗ್ರಾಹಕರಾದರೋ ಬಾಟ್ ಕೇಳುವ ಮೊದಲೇ ಬಿಲ್ ನೋಡಿ ತಪ್ಪಿಲ್ಲದೆ ಬರೆದುಕೊಟ್ಟಿರುತ್ತಾರೆ.

ಮೂರನೆಯದು ಕೀಲಿಮಣೆ ಬದಲಿಸಲು ಮರೆತು ಬರೆದದ್ದು. ಇನ್‌ಸ್ಕ್ರಿಪ್ಟ್ ಕನ್ನಡ ಕೀಲಿಮಣೆ ಚಾಲೂ ಇರುವಾಗ `bill` ಎಂದು ಟೈಪ್ ಮಾಡಿದರೆ ‘ವಗತತ’ ಎಂದು ಮೂಡುತ್ತದೆ. ಅಕ್ಷರಗಳೆಲ್ಲ ಸರಿಯಾದ ಕನ್ನಡ ಅಕ್ಷರಗಳೇ, ಪದ ಮಾತ್ರ ಯಾವ ನಿಘಂಟಿನಲ್ಲೂ ಇಲ್ಲ. ಯಾವ ಕೀಲಿಗೆ ಯಾವ ಅಕ್ಷರ ಎಂಬುದು ನಿಗದಿಯಾಗಿರುವುದರಿಂದ ಹಿಂದಕ್ಕೆ ಬದಲಿಸಿ ನೋಡುವುದು ಸುಲಭ. ಕಂಪ್ಯೂಟರಿನಿಂದ ಬರುವ ಸಂದೇಶಗಳಲ್ಲಿ ಇದು ಕಾಣುತ್ತದೆ, ಫೋನಿನಲ್ಲಿ ಅಪರೂಪ.

ಪಠ್ಯವೇ ಇಲ್ಲದವು ಮತ್ತು ಅರ್ಥವೇ ಇಲ್ಲದವು

ಲಾಗ್‌ನಲ್ಲಿ ಖಾಲಿ ಸಾಲಾಗಿ ಕಾಣುವ ಸಂದೇಶ ನಿಜಕ್ಕೂ ಖಾಲಿಯಾಗಿರುವುದು ಕಡಿಮೆ. ವಾಟ್ಸ್‌ಆ್ಯಪ್‌ನಲ್ಲಿ ಗ್ರಾಹಕರು ಮಾತನಾಡಿ ಕಳುಹಿಸಿದ ಧ್ವನಿ ಸಂದೇಶ, ಮೀಟರಿನ ಫೋಟೊ, ಸ್ಟಿಕ್ಕರ್, ಮನೆಯ ಲೊಕೇಶನ್ ಎಲ್ಲವೂ ಪಠ್ಯವಿಲ್ಲದೆ ಬರುತ್ತವೆ. ಸಂದೇಶದ ಜೊತೆ ಅದರ ಬಗೆ `audio`, `image`, `sticker`, `location` ಎಂದು ಬಂದಿರುತ್ತದೆ. ಲಾಗ್ ಪಠ್ಯವನ್ನಷ್ಟೇ ಬರೆದಿಟ್ಟಿದ್ದರೆ ಆ ಬಗೆ ಕಳೆದುಹೋಗಿ ಖಾಲಿ ಸಾಲು ಉಳಿಯುತ್ತದೆ. ಬಗೆಯನ್ನು ಬರೆದಿಡುವಂತೆ ಲಾಗನ್ನು ತಿದ್ದುವ ತನಕ ಈ ಗುಂಪಿನ ವಿಂಗಡಣೆ ಮುಂದುವರಿಯುವುದಿಲ್ಲ.

ಉಳಿಯುವುದು ನಿಜವಾಗಿ ಅರ್ಥವಿಲ್ಲದ ಸಂದೇಶಗಳು. ಮಗುವಿನ ಕೈಗೆ ಸಿಕ್ಕ ಫೋನಿನಿಂದ ಬಂದ `hhhjkk`, ಬಾಟ್ ಎಚ್ಚರವಾಗಿದೆಯೇ ಎಂದು ನೋಡಲು ಒತ್ತಿದ ಚುಕ್ಕಿ, ಪರೀಕ್ಷೆಗೆಂದು ಬರೆದ `asdf`. ಇವುಗಳ ಹಿಂದೆ ಉತ್ತರಿಸಬೇಕಾದ ಪ್ರಶ್ನೆ ಇರುವುದಿಲ್ಲ. ಇವನ್ನು ಬೇರೆ ಗುಂಪಾಗಿ ಇಡುವುದರ ಉಪಯೋಗವೆಂದರೆ ಉಳಿದ ಗುಂಪುಗಳ ಲೆಕ್ಕ ಶುದ್ಧವಾಗುತ್ತದೆ.

ಇಬ್ಬರು ಓದುವುದು ಏಕೆ

ಗುಂಪುಗಳ ಹೆಸರು, ಪ್ರತಿ ಗುಂಪಿಗೂ ಒಂದು ಸಾಲಿನ ವ್ಯಾಖ್ಯಾನ, ಸೇರುವ ಮತ್ತು ಸೇರದ ಒಂದೊಂದು ಉದಾಹರಣೆ ಇಷ್ಟನ್ನು ಬರೆದ ಕೈಪಿಡಿಯೊಂದು ಸಿದ್ಧವಾದ ಮೇಲೆ ಓದುವ ಕೆಲಸ ಶುರುವಾಗುತ್ತದೆ. ಮೊದಲ 100 ಸಂದೇಶಗಳನ್ನು ಕನ್ನಡ ಬಲ್ಲ ಇಬ್ಬರು, ಒಬ್ಬರದನ್ನು ಇನ್ನೊಬ್ಬರು ನೋಡದೆ, ಬೇರೆ ಬೇರೆಯಾಗಿ ವಿಂಗಡಿಸುತ್ತಾರೆ. ಇಬ್ಬರೂ ಒಂದೇ ಗುಂಪಿಗೆ ಹಾಕಿದ ಸಂದೇಶಗಳು 82 ಎಂದುಕೊಳ್ಳೋಣ. ಕೇಳಲು ಇದು ಚೆನ್ನಾಗಿದೆ. ಆದರೆ ಗುಂಪುಗಳು ಕೆಲವೇ ಇರುವಾಗ ಕಣ್ಣುಮುಚ್ಚಿ ವಿಂಗಡಿಸಿದರೂ ಒಂದಿಷ್ಟು ಹೊಂದುತ್ತವೆ. ಆ ಆಕಸ್ಮಿಕ ಹೊಂದಿಕೆಯನ್ನು ಕಳೆದು ನೋಡುವ ಲೆಕ್ಕಕ್ಕೆ ಕೋಹೆನ್ ಕಪ್ಪಾ ಎಂದು ಹೆಸರು. ಜೇಕಬ್ ಕೋಹೆನ್ 1960ರಲ್ಲಿ ಕೊಟ್ಟ ಸೂತ್ರ ಅದು. ಆಕಸ್ಮಿಕವಾಗಿ ಹೊಂದಬಹುದಾದದ್ದು 40 ಆದರೆ, ಅದನ್ನು ಮೀರಿ ಹೊಂದಲು ಅವಕಾಶವಿದ್ದ 60ರಲ್ಲಿ 42 ಹೊಂದಿವೆ. ಅಂದರೆ ಕಪ್ಪಾ 0.70. ಇದು ಕೆಲಸಕ್ಕೆ ಸಾಕಾಗುವ ಹೊಂದಿಕೆ.

ಆ ಅಂಕಕ್ಕಿಂತ ಹೆಚ್ಚು ಕಲಿಸುವುದು ಹೊಂದದ 18 ಸಂದೇಶಗಳು. ಅವುಗಳಲ್ಲಿ ಹೆಚ್ಚಿನವು ಒಂದೇ ಎರಡು ಗುಂಪುಗಳ ನಡುವೆ ಬಿದ್ದಿದ್ದರೆ ಆ ಎರಡರ ವ್ಯಾಖ್ಯಾನ ಸ್ಪಷ್ಟವಾಗಿಲ್ಲ ಎಂದರ್ಥ. `ok` ಎಂಬುದನ್ನು ಒಬ್ಬರು ತುಂಡು ಉತ್ತರಕ್ಕೂ ಇನ್ನೊಬ್ಬರು ಅರ್ಥವಿಲ್ಲದ್ದಕ್ಕೂ ಹಾಕಿದ್ದರೆ, ‘ಬಾಟ್ ಪ್ರಶ್ನೆ ಕೇಳಿದ ಮೇಲೆ ಬಂದದ್ದು ತುಂಡು ಉತ್ತರ’ ಎಂದು ಕೈಪಿಡಿಗೆ ಸೇರಿಸಿ ಮುಂದುವರಿಯುತ್ತಾರೆ. ‘ತಿಳಿಯದು’ ಎಂಬ ಗುಂಪೂ ಇರಲೇಬೇಕು. ಅದಿಲ್ಲದಿದ್ದರೆ ಓದುವವರು ಊಹೆ ಮಾಡುತ್ತಾರೆ. ಆ ಊಹೆಗಳೆಲ್ಲ ಲೆಕ್ಕದಲ್ಲಿ ಸತ್ಯದಂತೆ ಸೇರಿಕೊಳ್ಳುತ್ತವೆ.

400 ಸಂದೇಶಗಳ ಲೆಕ್ಕ

ಮಾದರಿಯ 400 ಸಂದೇಶಗಳು ಹೀಗೆ ಬಿದ್ದಿವೆ ಎಂದು ಇಟ್ಟುಕೊಳ್ಳಬಹುದು: ಇಂಗ್ಲಿಷ್ ಅಕ್ಷರದ ಕನ್ನಡ 128, ತುಂಡು ಉತ್ತರ ಮತ್ತು ನಂಬರ್ 84, ಪಠ್ಯವಿಲ್ಲದವು 60, ಅರ್ಥವಿಲ್ಲದವು 52, ದಾರಿಯಲ್ಲಿ ಅಕ್ಷರ ಕೆಟ್ಟವು 40, ನುಡಿ ಫಾಂಟ್ ಮತ್ತು ತಪ್ಪು ಕೀಲಿಮಣೆ ಸೇರಿ 12, ತಿಳಿಯದು 24.

ಕಸವೆಂದು ಕಂಡ ರಾಶಿಯಲ್ಲಿ ನಿಜವಾದ ಕಸ 52 ಮಾತ್ರ, ಅಂದರೆ ನೂರಕ್ಕೆ 13. ಆದರೆ ಕೆಲಸದ ಸರದಿಯನ್ನು ಸಂಖ್ಯೆಯೊಂದೇ ನಿರ್ಧರಿಸುವುದಿಲ್ಲ. ಅಕ್ಷರ ಕೆಟ್ಟ 40 ಸಂದೇಶಗಳನ್ನು ದಾರಿ ಮತ್ತು ದಿನಾಂಕದ ಪ್ರಕಾರ ಮತ್ತೆ ಜೋಡಿಸಿದಾಗ 36 ವೆಬ್‌ಸೈಟಿನ ಚಾಟ್ ಕಿಟಕಿಯಿಂದಲೇ, ಅದೂ ಒಂದು ನಿರ್ದಿಷ್ಟ ದಿನದ ನಂತರವೇ ಬಂದಿವೆ ಎಂದಾದರೆ, ಆ ದಿನ ಸರ್ವರ್‌ನಲ್ಲಿ ಏನು ಬದಲಾಯಿತು ಎಂದು ನೋಡಿದರೆ ಸಾಕು. ಗ್ರಾಹಕರ ಬೆರಳಿನಿಂದ ಆಗುವ ತಪ್ಪುಗಳು ಎಲ್ಲ ದಾರಿಗಳಲ್ಲೂ ಎಲ್ಲ ದಿನಗಳಲ್ಲೂ ಚದುರಿರುತ್ತವೆ. ದಾರಿಯ ಕೇಡು ಒಂದೇ ಜಾಗದಲ್ಲಿ, ಒಂದೇ ಕಾಲದಲ್ಲಿ ಗುಂಪುಗಟ್ಟುತ್ತದೆ. ಈ ವ್ಯತ್ಯಾಸ ವಿಂಗಡಣೆಯಲ್ಲಿ ಸಿಗುವ ಅತ್ಯಂತ ಭರವಸೆಯ ಸುಳಿವು. ಇದಕ್ಕೆ ಫಾಲ್‌ಬ್ಯಾಕ್ ಉತ್ತರದ ಬದಲಾವಣೆ ಬೇಕಿಲ್ಲ. ಎಂಜಿನಿಯರ್ ಒಬ್ಬರು ಒಂದು ಹೊಂದಿಕೆಯನ್ನು ತಿದ್ದಿದರೆ ಆ 36 ಸಂದೇಶಗಳ ಕಾರಣವೇ ಇಲ್ಲವಾಗುತ್ತದೆ. ಆದ್ದರಿಂದ ಇದು ಮೊದಲ ಸರದಿ.

ತುಂಡು ಉತ್ತರಗಳಿಗೂ ಹೊಸ ಸಾಲು ಬರೆಯಬೇಕಿಲ್ಲ. ತಾನು ಈಗಷ್ಟೇ ಕೇಳಿದ ಪ್ರಶ್ನೆಯನ್ನು ಬಾಟ್ ನೆನಪಿಟ್ಟುಕೊಂಡು, ಬಂದ ಉತ್ತರವನ್ನು ಮೊದಲು ಅದಕ್ಕೆ ಹೊಂದಿಸಿ ನೋಡುವಂತೆ ಮಾಡಿದರೆ ಸಾಕು. ಆರ್.ಆರ್. ನಂಬರಿನ ರೂಪವನ್ನು ಗುರುತಿಸುವ ನಿಯಮ ಸೇರಿಸಿದರೆ ಕೇಳದೆಯೇ ಕೊಟ್ಟ ನಂಬರ್ ಕೂಡ ವ್ಯರ್ಥವಾಗುವುದಿಲ್ಲ. ಇಂಗ್ಲಿಷ್ ಅಕ್ಷರದ ಕನ್ನಡಕ್ಕೆ ಶಾಶ್ವತ ಪರಿಹಾರ ತರಬೇತಿ. ಲಾಗ್‌ನಲ್ಲಿ ಸಿಕ್ಕ ವಾಕ್ಯಗಳನ್ನೇ, ಅವುಗಳ ಎಲ್ಲ ಕಾಗುಣಿತಗಳೊಂದಿಗೆ, ಖಾಸಗಿ ವಿವರ ತೆಗೆದು ಬಾಟ್‌ಗೆ ಕಲಿಸಬೇಕು. ಅದಕ್ಕೆ ಸಮಯ ಹಿಡಿಯುತ್ತದೆ. ಅಲ್ಲಿಯವರೆಗೆ ಫಾಲ್‌ಬ್ಯಾಕ್ ಉತ್ತರವೇ ಕೈಹಿಡಿಯಬೇಕು.

ಗುಂಪಿಗೊಂದು ಉತ್ತರ

ಇಂಗ್ಲಿಷ್ ಅಕ್ಷರದಲ್ಲಿ ಬರೆದವರಿಗೆ ‘ಮತ್ತೊಮ್ಮೆ ಟೈಪ್ ಮಾಡಿ’ ಎಂದರೆ ಅವರು ಅದನ್ನೇ ಮತ್ತೆ ಬರೆಯುತ್ತಾರೆ, ಅದೇ ಉತ್ತರ ಮತ್ತೆ ಬರುತ್ತದೆ. ಅದರ ಬದಲು ಸಂದೇಶದಲ್ಲಿ ಸಿಕ್ಕ `bill`, `current` ಇಂಥ ಒಂದು ಪದವನ್ನು ಹಿಡಿದು ಖಚಿತಪಡಿಸಿಕೊಳ್ಳುವ ಪ್ರಶ್ನೆ ಕೇಳಬಹುದು: ‘ನೀವು ಕೇಳುತ್ತಿರುವುದು ಕರೆಂಟ್ ಹೋಗಿರುವ ಬಗ್ಗೆಯೇ? ಹೌದಾದರೆ 1 ಒತ್ತಿ. ಬಿಲ್ ಬಗ್ಗೆಯಾದರೆ 2 ಒತ್ತಿ.’ ಊಹಿಸಿದ್ದನ್ನೇ ಸರಿಯೆಂದು ಭಾವಿಸಿ ದೂರು ದಾಖಲಿಸುವುದಕ್ಕಿಂತ ಹೀಗೆ ಕೇಳುವುದು ಸುರಕ್ಷಿತ.

ಧ್ವನಿ ಸಂದೇಶ ಕಳುಹಿಸಿದವರಿಗೆ ಆ ಸಂದೇಶ ತಲುಪಿದೆ ಎಂಬುದನ್ನು ಮೊದಲು ತಿಳಿಸಬೇಕು: ‘ನಿಮ್ಮ ಧ್ವನಿ ಸಂದೇಶ ಬಂದಿದೆ. ಇಲ್ಲಿ ಅದನ್ನು ಕೇಳಿಸಿಕೊಳ್ಳುವ ವ್ಯವಸ್ಥೆ ಇಲ್ಲ. ಕೆಳಗಿನ ಪಟ್ಟಿಯಲ್ಲಿ ಒಂದನ್ನು ಆರಿಸಿ, ಇಲ್ಲವೇ 1912ಕ್ಕೆ ಕರೆ ಮಾಡಿ.’ ಟೈಪ್ ಮಾಡಲು ಕಷ್ಟವಾಗುವವರೇ ಮಾತನಾಡಿ ಕಳುಹಿಸಿರುವ ಸಾಧ್ಯತೆ ಹೆಚ್ಚು. ಅವರಿಗೆ ಟೈಪ್ ಮಾಡಿ ಎನ್ನುವುದು ಉತ್ತರವಾಗುವುದಿಲ್ಲ. 1912 ವಿದ್ಯುತ್ ದೂರುಗಳ ಸಹಾಯವಾಣಿ.

ಅಕ್ಷರ ಕೆಟ್ಟುಬಂದ ಸಂದೇಶಕ್ಕೆ ಕೊಡುವ ಉತ್ತರದಲ್ಲಿ ತಪ್ಪನ್ನು ಗ್ರಾಹಕರ ಮೇಲೆ ಹಾಕಬಾರದು. ‘ಸರಿಯಾಗಿ ಟೈಪ್ ಮಾಡಿ’ ಎಂಬ ಮಾತು ಅಲ್ಲಿ ಸುಳ್ಳು, ಏಕೆಂದರೆ ಅವರು ಸರಿಯಾಗಿಯೇ ಟೈಪ್ ಮಾಡಿದ್ದಾರೆ. ‘ನಿಮ್ಮ ಸಂದೇಶದ ಅಕ್ಷರಗಳು ನಮ್ಮಲ್ಲಿ ಸರಿಯಾಗಿ ಮೂಡಿಲ್ಲ’ ಎಂದು ಹೇಳಿ ಪಟ್ಟಿ ಕೊಡುವುದು ನಿಜಕ್ಕೆ ಹತ್ತಿರ. ಅರ್ಥವಿಲ್ಲದ ಸಂದೇಶಕ್ಕೆ ಚಿಕ್ಕ ಪಟ್ಟಿಯೊಂದು ಸಾಕು, ಕ್ಷಮೆಯಾಚನೆ ಬೇಕಿಲ್ಲ.

ಯಾವ ಗುಂಪಾದರೂ ಎರಡು ನಿಯಮಗಳು ಅನ್ವಯಿಸುತ್ತವೆ. ಎರಡನೆಯ ಸಲದ ಫಾಲ್‌ಬ್ಯಾಕ್ ಮೊದಲನೆಯದರ ನಕಲಾಗಬಾರದು, ಮೂರನೆಯ ಸಲ ಸಂಭಾಷಣೆ ಸಿಬ್ಬಂದಿಯ ಕೈಗೆ ಹೋಗಬೇಕು. ಇನ್ನೊಂದು, ಜೀವಾಪಾಯದ ಸಂದೇಶ ಫಾಲ್‌ಬ್ಯಾಕ್‌ನಲ್ಲಿ ಕಳೆದುಹೋಗಬಾರದು. `wire kadidu biddide` ಎಂಬುದು ತಂತಿ ಕಡಿದು ಬಿದ್ದ ಸುದ್ದಿ. ಬಾಟ್‌ಗೆ ಅದು ತಿಳಿಯದಿದ್ದರೂ ತೊಂದರೆಯಾಗದಂತೆ ‘ತಂತಿ ಬಿದ್ದಿದ್ದರೆ ಹತ್ತಿರ ಹೋಗಬೇಡಿ, ಕೂಡಲೇ 1912ಕ್ಕೆ ಕರೆ ಮಾಡಿ’ ಎಂಬ ಸಾಲು ಎಲ್ಲ ಫಾಲ್‌ಬ್ಯಾಕ್ ಉತ್ತರಗಳಲ್ಲೂ ಇರಬೇಕು.

ಸುಧಾರಣೆಯನ್ನು ಅಳೆಯುವುದು

ಫಾಲ್‌ಬ್ಯಾಕ್ ಎಷ್ಟು ಸಲ ಬಂತು ಎಂಬ ಸಂಖ್ಯೆ ಇಳಿದರೆ ಸೇವೆ ಸುಧಾರಿಸಿತು ಎಂದು ಹೇಳಲಾಗದು. ಮೊದಲು ಹೇಳಿದ 0.3ರ ಮಿತಿಯನ್ನು 0.1ಕ್ಕೆ ಇಳಿಸಿದರೆ ಆ ಸಂಖ್ಯೆ ಒಂದೇ ದಿನದಲ್ಲಿ ಇಳಿಯುತ್ತದೆ. ಆಗ ಬಾಟ್ ‘ಅರ್ಥವಾಗಲಿಲ್ಲ’ ಎನ್ನುವ ಬದಲು ಅರ್ಥವಾಗದ ಪ್ರಶ್ನೆಗೂ ಏನಾದರೊಂದು ತಪ್ಪು ಉತ್ತರ ಕೊಡುತ್ತಿರುತ್ತದೆ. ಬಿಲ್ ಬಗ್ಗೆ ಕೇಳಿದವರಿಗೆ ಹೊಸ ಸಂಪರ್ಕದ ಅರ್ಜಿ ಬರುತ್ತದೆ.

ನೋಡಬೇಕಾದ ಅಳತೆ ಚೇತರಿಕೆ. ಫಾಲ್‌ಬ್ಯಾಕ್ ಉತ್ತರ ಓದಿದ ಮೇಲೆ ಗ್ರಾಹಕರು ಬರೆದ ಮುಂದಿನ ಸಂದೇಶ ಬಾಟ್‌ಗೆ ತಿಳಿಯಿತೇ, ಕೊನೆಗೆ ದೂರು ದಾಖಲಾಯಿತೇ, ಬಿಲ್ ಸಿಕ್ಕಿತೇ ಎಂಬುದನ್ನು ಪ್ರತಿ ಗುಂಪಿಗೂ ಬೇರೆಯಾಗಿ ಎಣಿಸುತ್ತಾರೆ. ಹಳೆಯ ಉತ್ತರವನ್ನು ಅರ್ಧ ಜನರಿಗೂ ಹೊಸದನ್ನು ಅರ್ಧ ಜನರಿಗೂ, ಯಾರಿಗೆ ಯಾವುದು ಎಂಬುದನ್ನು ಆಕಸ್ಮಿಕಕ್ಕೆ ಬಿಟ್ಟು, ಒಂದೇ ಅವಧಿಯಲ್ಲಿ ತೋರಿಸಿ ಹೋಲಿಸಬೇಕು. ಹೋದ ತಿಂಗಳನ್ನು ಈ ತಿಂಗಳಿಗೆ ಹೋಲಿಸಿದರೆ ನಡುವೆ ಬಂದ ಮಳೆಗಾಲ, ಅದರ ಜೊತೆ ಹೆಚ್ಚಿದ ಕರೆಂಟ್ ದೂರುಗಳು ಲೆಕ್ಕವನ್ನು ಕೆಡಿಸುತ್ತವೆ.

ಈ ಅಳತೆಗೂ ಮಿತಿಯಿದೆ. ಫಾಲ್‌ಬ್ಯಾಕ್ ನಂತರ ಸುಮ್ಮನಾದ ಗ್ರಾಹಕರು ಬೇಸತ್ತು ಹೋದರೋ, ಅಷ್ಟರಲ್ಲಿ ಕರೆಂಟ್ ಬಂದು ಹೋದರೋ, ಉತ್ತರದಲ್ಲಿದ್ದ 1912ಕ್ಕೆ ಕರೆ ಮಾಡಿದರೋ ಎಂಬುದು ಲಾಗ್‌ನಲ್ಲಿ ಕಾಣುವುದಿಲ್ಲ. ಸಹಾಯವಾಣಿಯ ಕರೆಗಳ ದಾಖಲೆಯನ್ನು ಜೊತೆಗಿಟ್ಟು ನೋಡಿದರೆ ಮೂರನೆಯದರ ಅಂದಾಜು ಸಿಗುತ್ತದೆ. ಮೊದಲ ಎರಡನ್ನು ಬೇರೆ ಮಾಡಲು ಗ್ರಾಹಕರನ್ನೇ ಕೇಳಬೇಕು.

ವಿಂಗಡಣೆ ಒಮ್ಮೆ ಮಾಡಿ ಮುಗಿಸುವ ಕೆಲಸವಲ್ಲ. ಆ್ಯಪ್‌ನ ಹೊಸ ಆವೃತ್ತಿ ಬಂದಾಗ, ದತ್ತಕೋಶ ಬದಲಾದಾಗ, ವಾಟ್ಸ್‌ಆ್ಯಪ್‌ನಂಥ ಹೊಸ ದಾರಿ ಸೇರಿದಾಗ ಪರೀಕ್ಷಾ ವಾಕ್ಯವನ್ನು ಮತ್ತೆ ಕಳುಹಿಸಿ ನೋಡಬೇಕು, ಹೊಸ 400 ಸಂದೇಶಗಳನ್ನು ಮತ್ತೆ ಓದಬೇಕು. ಓದಲು ಕನ್ನಡ ಬಲ್ಲವರೇ ಬೇಕು. ‘ಹೂಂ’ ಎಂಬುದು ಒಪ್ಪಿಗೆ, `nam area dalli current illa` ಎಂಬುದು ದೂರು, `PÀ£ÀßqÀ` ಎಂಬುದು ಕನ್ನಡ ಎಂದು ಗುರುತಿಸಬಲ್ಲವರು ತಂಡದಲ್ಲಿ ಇಲ್ಲದಿದ್ದರೆ ಆ ಸಂದೇಶಗಳೆಲ್ಲ ಕಸದ ಲೆಕ್ಕದಲ್ಲೇ ಉಳಿಯುತ್ತವೆ. ಕನ್ನಡದಲ್ಲಿ ಚಾಟ್ ಸೇವೆ ಕೊಡುವ ಸಂಸ್ಥೆಗಳು ಆ ಓದುಗರನ್ನು ತಂಡದಲ್ಲಿ ಮೊದಲ ದಿನದಿಂದಲೇ ಇಟ್ಟುಕೊಳ್ಳಬೇಕು.